ಮೀಟಿಂಗಿನಲ್ಲಿ ಹಿರಿಯರು ನಿಮ್ಮ ಹೆಸರು ಹೇಳಿದರೆ: ಥ್ಯಾಂಕ್ಸ್ ಹೇಳುವ ಬಗೆ

ಪುಣೆ ಹತ್ತಿರದ ಚಾಕಣ್‌ನಲ್ಲಿ, ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ತಿಂಗಳ ರಿವ್ಯೂ ಮೀಟಿಂಗ್ ನಡೆದಿದೆ ಎಂದುಕೊಳ್ಳಿ. ರಿಜೆಕ್ಷನ್ ಇಳಿದಿದೆ. ಹೇಗೆ ಇಳಿಯಿತು ಎಂದು ಪ್ಲಾಂಟ್ ಹೆಡ್ ಕೇಳುತ್ತಾರೆ. ಪ್ರೊಡಕ್ಷನ್ ವಿಭಾಗದ ಡೆಪ್ಯುಟಿ ಮ್ಯಾನೇಜರ್, ಧಾರವಾಡದವರು, ಪುಣೆಗೆ ಬಂದು ನೆಲೆಸಿ ಬಹಳ ವರ್ಷವಾದವರು, ಎದ್ದು ಹೇಳುತ್ತಾರೆ: "ಇದು ನನಗೆ ಹೊಳೆದದ್ದಲ್ಲ ಸರ್. ಕ್ವಾಲಿಟಿಯ ಈ ಹುಡುಗಿ ಒಂದು ತಿಂಗಳು ಗಂಟೆವಾರು ಲೆಕ್ಕ ಇಟ್ಟು, ಕೆಟ್ಟ ತುಂಡುಗಳು ಹೆಚ್ಚಾಗಿ ಬರೋದು ಶುಕ್ರವಾರ ಬೆಳಗಿನ ಮೊದಲ ಗಂಟೆಯಲ್ಲಿ ಅಂತ ತೋರಿಸಿದಳು."

ಇಪ್ಪತ್ತು ಜನ ತಿರುಗಿ ನೋಡುತ್ತಾರೆ. ಆ ಹುಡುಗಿ ವಿಜಯಪುರದವಳು, ಕೆಲಸಕ್ಕೆ ಸೇರಿ ಎರಡನೇ ವರ್ಷ. ಅವಳ ಬಾಯಿಂದ ತಾನಾಗಿಯೇ ಬರುವ ಮಾತು ಯಾವುದೆಂದು ನಮ್ಮೆಲ್ಲರಿಗೂ ಗೊತ್ತು: "ಅಯ್ಯೋ ಇಲ್ಲ ಸರ್, ನಂದೇನಿಲ್ಲ, ಎಲ್ಲಾ ಸರ್ ಅವರ ಮಾರ್ಗದರ್ಶನ."

ಈ ಮಾತು ವಿನಯದಂತೆ ಕಾಣುತ್ತದೆ, ಆದರೆ ಅದು ಮಾಡುವ ಕೆಲಸ ಬೇರೆ. ಆ ಹಿರಿಯರು ಈಗಷ್ಟೇ ಪ್ಲಾಂಟ್ ಹೆಡ್ ಮುಂದೆ ಒಂದು ವಿಷಯ ಹೇಳಿದ್ದಾರೆ. ಅದು ಸುಳ್ಳು ಎಂದು ನೀವು ಎಲ್ಲರ ಎದುರು ಹೇಳಿದಂತಾಯಿತು. ಅವರು ಕೊಟ್ಟ ಕ್ರೆಡಿಟ್ಟನ್ನು ಅವರಿಗೇ ತಿರುಗಿಸಿ ಕೊಟ್ಟು ಅವರನ್ನೂ ಮುಜುಗರಕ್ಕೆ ತಳ್ಳಿದಿರಿ. ಕೇಳುತ್ತಿದ್ದವರಿಗೆ, ಹಾಗಾದರೆ ಕೆಲಸ ಮಾಡಿದ್ದು ಯಾರು ಎಂಬ ಅನುಮಾನವೂ ಹುಟ್ಟಿತು. ಇಷ್ಟೆಲ್ಲ ಒಂದೇ ವಾಕ್ಯದಲ್ಲಿ ಆಗಿಹೋಗುತ್ತದೆ.

ಪುಣೆ ಸುತ್ತಿನ ಕಾರ್ಖಾನೆಗಳಲ್ಲಿ ಇಂಥ ಮೀಟಿಂಗುಗಳನ್ನು ಬಹಳ ಕಾಲದಿಂದ ನೋಡುತ್ತ ಬಂದಿದ್ದೇನೆ. ಮೇಲಿನ ಪ್ರಸಂಗವನ್ನೇ ಕೊನೆಯವರೆಗೆ ಹಿಡಿದುಕೊಂಡು, ಆ ಹುಡುಗಿ ಎಲ್ಲಿ, ಯಾವಾಗ, ಏನು ಹೇಳಬೇಕು ಎಂದು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ನಿಮ್ಮ ಆಫೀಸು ಅಂಧೇರಿಯಲ್ಲಿರಲಿ, ಹಿಂಜವಡಿಯಲ್ಲಿರಲಿ, ಗೋವಾದ ವೆರ್ಣಾದಲ್ಲಿರಲಿ, ಕೆಲಸದ ವಿವರ ಬದಲಾದೀತೇ ಹೊರತು ಮಾತಿನ ಕ್ರಮ ಬದಲಾಗುವುದಿಲ್ಲ.

ಮೊದಲು: ಯಾವುದಕ್ಕೆ ಥ್ಯಾಂಕ್ಸ್?

ಬಾಯಿ ತೆರೆಯುವ ಮೊದಲು ಇದನ್ನು ಮನಸ್ಸಿನಲ್ಲಿ ಬೇರ್ಪಡಿಸಿಕೊಳ್ಳಿ. ಲೆಕ್ಕ ಇಟ್ಟದ್ದು, ಶುಕ್ರವಾರವನ್ನು ಗುರುತಿಸಿದ್ದು ಅವಳ ಕೆಲಸ. ಅದನ್ನು ಯಾರೂ ಅವಳಿಗೆ ದಾನ ಕೊಟ್ಟಿಲ್ಲ. ಹಿರಿಯರು ಮಾಡಿದ್ದು ಇನ್ನೊಂದು. ಅವರು ಸುಮ್ಮನೆ "ನಮ್ಮ ಟೀಮ್ ಮಾಡಿತು" ಎಂದಿದ್ದರೂ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಹಾಗೆ ಹೇಳದೆ, ಆ ಜಾಗದಲ್ಲಿ, ಆ ಜನರ ಮುಂದೆ, ಮಾಡಿದವರನ್ನು ತೋರಿಸಿ, ಏನು ಮಾಡಿದಳು ಎಂಬುದನ್ನೂ ಬಿಡಿಸಿ ಹೇಳಿದರು. ಹೇಳಲೇಬೇಕೆಂಬ ಬಲವಂತ ಅವರಿಗೆ ಇರಲಿಲ್ಲ. ಥ್ಯಾಂಕ್ಸ್ ಸಲ್ಲಬೇಕಾದದ್ದು ಈ ಹೇಳುವಿಕೆಗೆ.

ಈ ಗೆರೆ ಸ್ಪಷ್ಟವಾಗಿದ್ದರೆ ಮುಖಸ್ತುತಿ, ಋಣಭಾರ ಎರಡೂ ಹತ್ತಿರ ಸುಳಿಯುವುದಿಲ್ಲ. ಕೆಲಸವೇ ಅವರ ಕೃಪೆಯಿಂದ ಆಯಿತು ಎಂದುಕೊಂಡಾಗ ಋಣ ಹುಟ್ಟುತ್ತದೆ. ಅವರು ಮಾಡಿದ ಒಂದು ಕೆಲಸವನ್ನು ಬಿಟ್ಟು ಅವರ ಇಡೀ ವ್ಯಕ್ತಿತ್ವವನ್ನು ಹೊಗಳಹೊರಟಾಗ ಮುಖಸ್ತುತಿ ಹುಟ್ಟುತ್ತದೆ. "ನಿಮ್ಮಂಥ ದೊಡ್ಡ ಮನಸ್ಸಿನವರು ಸಿಗೋದು ಅಪರೂಪ" ಎಂಬ ಮಾತು ನಿಜವೇ ಇರಬಹುದು, ಆದರೆ ಅದನ್ನು ಅವರು ಯಾವ ಮೀಟಿಂಗಿನಲ್ಲಿ ಏನು ಹೇಳಿದರೂ ಹೇಳಬಹುದಿತ್ತು. ನಿರ್ದಿಷ್ಟ ಘಟನೆಗೆ ಅಂಟಿಕೊಳ್ಳದ ಹೊಗಳಿಕೆ ಕೇಳಿದ ತಕ್ಷಣ ಇವಳಿಗೆ ಏನೋ ಬೇಕಾಗಿರಬೇಕು ಎನಿಸುತ್ತದೆ. ನಮ್ಮ ಕಡೆ ಬೆಣ್ಣೆ ಹಚ್ಚುವುದು, ಇಲ್ಲಿ ಮಸ್ಕಾ ಹೊಡೆಯುವುದು ಎಂದು ಜನ ಅನ್ನುವುದು ಇಂಥದ್ದಕ್ಕೇ.

ಇದಕ್ಕೆ ಸ್ವಲ್ಪ ಸಂಶೋಧನೆಯ ಬೆಂಬಲವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಸಾರಾ ಅಲ್ಗೋ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜೋಡಿಗಳು ಪರಸ್ಪರ ಕೃತಜ್ಞತೆ ಹೇಳುವ ರೀತಿಯನ್ನು ಗಮನಿಸಿದರು. "ಇದರಿಂದ ನನಗೆ ಎಷ್ಟು ಒಳ್ಳೆಯದಾಯಿತು" ಎಂದು ತನ್ನ ಲಾಭವನ್ನೇ ಹೇಳಿದ ಮಾತಿಗಿಂತ, ಎದುರಿನವರು ಏನು ಮಾಡಿದರು ಎಂಬುದನ್ನು ಎತ್ತಿ ಹೇಳಿದ ಮಾತು ಕೇಳಿದವರ ಮನಸ್ಸಿಗೆ ಹೆಚ್ಚು ತಟ್ಟಿತ್ತು. ಅದು ಆಪ್ತ ಸಂಬಂಧಗಳ ಮಾತು. ಆಫೀಸಿನಲ್ಲಿ, ಅದರಲ್ಲೂ ಹಿರಿಯರ ಜೊತೆ, ಅದನ್ನು ಬಳಸುವಾಗ ನಾನು ಒಂದು ಎಚ್ಚರಿಕೆ ಸೇರಿಸುತ್ತೇನೆ: ಅವರು ಮಾಡಿದ್ದನ್ನು ಹೇಳಿ, ಅವರು ಎಂಥವರು ಎಂದು ಹೇಳಹೋಗಬೇಡಿ.

ಮೀಟಿಂಗಿನಲ್ಲೇ: ಮೂರು ವಾಕ್ಯ, ಅಷ್ಟೇ

ಹೆಸರು ಬಂದ ಕೂಡಲೇ ಹೇಳಿದವರ ಕಡೆ ನೋಡಿ, ತಲೆಯಾಡಿಸಿ. ತಲೆ ತಗ್ಗಿಸಿ ಕೂತರೆ ತಪ್ಪಿತಸ್ಥರಂತೆ ಕಾಣುತ್ತೀರಿ. ಎದ್ದು ಕೈ ಮುಗಿದರೆ ಮೀಟಿಂಗು ಸನ್ಮಾನ ಸಮಾರಂಭವಾಗುತ್ತದೆ. ಆಮೇಲೆ, ಮೀಟಿಂಗು ಯಾವ ಭಾಷೆಯಲ್ಲಿ ನಡೆದಿದೆಯೋ ಅದೇ ಭಾಷೆಯಲ್ಲಿ, ಚಾಕಣ್‌ನಲ್ಲಾದರೆ ಮರಾಠಿ, ಹಿಂದಿ, ಇಂಗ್ಲಿಷ್ ಕಲಸಿದ ಮಾತಿನಲ್ಲಿ, ಇಷ್ಟು ಹೇಳಿದರೆ ಸಾಕು:

"ಥ್ಯಾಂಕ್ಯೂ ಸರ್. ಗಂಟೆವಾರು ಲೆಕ್ಕ ನಾನು ತೆಗೆದದ್ದು, ಆದರೆ ರಜೆ ಮುಗಿದ ಮರುದಿನ ಮೆಷಿನ್ ಬೇರೆ ಥರ ನಡೆಯುತ್ತೆ ಅಂತ ಮೊದಲು ಹೇಳಿದ್ದು ಲೈನಿನ ಆಪರೇಟರ್ ದಾದಾ. ವಾರ್ಮ್-ಅಪ್ ಈಗ ಎರಡು ಮೆಷಿನ್‌ಗೆ ಹಾಕಿದ್ದೇವೆ, ಉಳಿದ ಮೂರಕ್ಕೆ ಈ ತಿಂಗಳೊಳಗೆ ಹಾಕುತ್ತೇವೆ."

ಈ ಮಾತಿನ ಹಿಂದಿರುವ ಕೆಲಸ ಏನೆಂದು ತಿಳಿದರೆ ಮೂರು ವಾಕ್ಯ ಯಾಕೆ ಸಾಕು ಎಂಬುದೂ ತಿಳಿಯುತ್ತದೆ. ಪಿಂಪ್ರಿ-ಚಿಂಚವಾಡ, ಚಾಕಣ್ ಕಡೆಯ ಬಹಳಷ್ಟು ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಉಳಿದ ದಿನ ಮೂರು ಶಿಫ್ಟ್ ನಡೆಯುವಲ್ಲಿ ಕಂಪ್ಯೂಟರಿನ ಹಿಡಿತದಲ್ಲಿ ಲೋಹ ಕೊರೆಯುವ ಸಿಎನ್‌ಸಿ ಮೆಷಿನ್ ಆರುವುದೇ ಇಲ್ಲ. ಗುರುವಾರ ನಿಂತ ಮೆಷಿನ್ ಶುಕ್ರವಾರ ಬೆಳಿಗ್ಗೆ ತಣ್ಣಗಿರುತ್ತದೆ. ಅದರ ತಿರುಗುವ ದಂಡ, ಅಂದರೆ ಸ್ಪಿಂಡಲ್, ತಿರುಗುತ್ತ ಬಿಸಿಯಾಗುತ್ತದೆ, ಬಿಸಿಯಾದಂತೆ ಲೋಹ ಕೂದಲೆಳೆಗಿಂತ ಕಡಿಮೆ ಹಿಗ್ಗುತ್ತದೆ, ಅಷ್ಟಕ್ಕೇ ತುಂಡಿನ ಅಳತೆ ಸರಿದುಹೋಗುತ್ತದೆ. ತುಂಡು ಹಾಕುವ ಮೊದಲು ಹದಿನೈದು ಇಪ್ಪತ್ತು ನಿಮಿಷ ಸ್ಪಿಂಡಲ್ಲನ್ನು ಖಾಲಿ ತಿರುಗಿಸಿ ವೇಗ ಏರಿಸುತ್ತ ಹೋದರೆ ಸಮಸ್ಯೆ ಬಹುಪಾಲು ತೀರುತ್ತದೆ, ವಾರ್ಮ್-ಅಪ್ ಅಂದರೆ ಇದೇ. ಆಪರೇಟರಿಗೆ ಇದು ಕೈಯ ಅನುಭವದಲ್ಲಿ ಗೊತ್ತಿತ್ತು. ಹುಡುಗಿ ಅದನ್ನು ಅಂಕಿಯಲ್ಲಿ ಹಿಡಿದಳು. ಹಿರಿಯರು ಪ್ರೊಡಕ್ಷನ್ ಸಮಯದಲ್ಲಿ ಇಪ್ಪತ್ತು ನಿಮಿಷ ಬಿಟ್ಟುಕೊಟ್ಟರು.

ಅವಳ ಮೂರು ವಾಕ್ಯದಲ್ಲಿ ಮೊದಲನೆಯದು ಕ್ರೆಡಿಟ್ಟನ್ನು ಸ್ವೀಕರಿಸಿತು. ಎರಡನೆಯದು ತನ್ನ ಪಾಲು ಎಷ್ಟು, ಇನ್ನೊಬ್ಬರ ಪಾಲು ಎಷ್ಟು ಎಂದು ಸತ್ಯವಾಗಿ ಹಂಚಿತು. ಮೂರನೆಯದು ಮಾತನ್ನು ಕೆಲಸಕ್ಕೆ ತಿರುಗಿಸಿತು, ಇದರಿಂದ ಪ್ಲಾಂಟ್ ಹೆಡ್ ಮುಂದಿನ ಪ್ರಶ್ನೆ ಕೇಳಲು ದಾರಿಯಾಯಿತು. ಇನ್ನೊಬ್ಬರ ಪಾಲು ನಿಜವಾಗಿ ಇದ್ದರೆ ಮಾತ್ರ ಹೇಳಬೇಕು. ವಿನಯಕ್ಕಾಗಿ "ಟೀಮಿನ ಎಲ್ಲರೂ" ಎಂದರೆ ಆಪರೇಟರಿಗೆ ಏನೂ ಸಿಗುವುದಿಲ್ಲ, ಕೆಲಸ ಮಾಡದವರಿಗೂ ಪಾಲು ಹೋಗುತ್ತದೆ.

ಹಿರಿಯರು ನಿಮಗೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚು ಹೇಳಿಬಿಟ್ಟರೆ, ಉದಾಹರಣೆಗೆ "ಇಡೀ ಪರಿಹಾರ ಇವಳದ್ದೇ" ಎಂದರೆ, ತಿದ್ದುವ ಜಾಗವೂ ಇದೇ ಎರಡನೇ ವಾಕ್ಯ. ಅಲ್ಲಿ ಆಗದೆ ಹೋದರೆ ಅದೇ ದಿನ ಮೀಟಿಂಗಿನ ಮಿನಿಟ್ಸ್ ಬರೆಯುವವರಿಗೆ ಒಂದು ಸಾಲು ಕಳಿಸಿ: "ಲೆಕ್ಕ ತೆಗೆದದ್ದು ನಾನು. ಕಾರಣ ಮೊದಲು ಸೂಚಿಸಿದ್ದು ಲೈನ್ ಆಪರೇಟರ್. ಹಾಗೇ ಬರೆದುಕೊಳ್ಳಿ." ನಾಲ್ಕು ದಿನ ಬಿಟ್ಟು ತಿದ್ದಹೊರಟರೆ ಯಾರೋ ಆಕ್ಷೇಪ ಎತ್ತಿದ್ದಕ್ಕೆ ತಿದ್ದಿದಳು ಎಂದೇ ಜನ ತಿಳಿಯುತ್ತಾರೆ.

ಆನ್‌ಲೈನ್ ಮೀಟಿಂಗಾದರೆ ಒಂದು ತೊಡಕು. ಮ್ಯೂಟ್ ತೆಗೆಯುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಅಡ್ಡ ಬಾಯಿ ಹಾಕಿ ಹಿಂದಕ್ಕೆ ಎಳೆಯಬೇಡಿ. ನಿಮ್ಮ ಸರದಿ ಬಂದಾಗ ಒಂದು ಮಾತು ಸೇರಿಸಿ, ಸರದಿ ಬಾರದಿದ್ದರೆ ಬಿಟ್ಟುಬಿಡಿ. ಚಾಟಿನಲ್ಲಿ ಕೈಮುಗಿದ ಚಿತ್ರಗಳ ಸಾಲು ಹಾಕುವುದಕ್ಕಿಂತ ಮೌನ ವಾಸಿ.

ಅದೇ ದಿನ, ಎದುರಾಎದುರು

ಮೀಟಿಂಗಿನ ಮೂರು ವಾಕ್ಯ ಸಭೆಗಾಗಿ. ಆ ಮನುಷ್ಯರಿಗೆ ಹೇಳಬೇಕಾದದ್ದು ಬಾಕಿ ಇದೆ. ಅದನ್ನು ಅದೇ ದಿನ ಹೇಳಿ, ಶಿಫ್ಟ್ ಮುಗಿಯುವುದರೊಳಗೆ. ಮೀಟಿಂಗ್ ರೂಮಿನ ಬಾಗಿಲಲ್ಲೇ ಬೇಡ, ಅಲ್ಲಿ ಇನ್ನೂ ಹತ್ತು ಜನ ಇರುತ್ತಾರೆ. ಕಂಪನಿ ಬಸ್ಸಿನಲ್ಲೂ ಬೇಡ. ಚಹಾದ ಹೊತ್ತಿನಲ್ಲಿ, ಅವರು ಶಾಪ್ ಫ್ಲೋರಿನಿಂದ ಟೇಬಲ್ಲಿಗೆ ಹೋಗುವಾಗ, ಯಾರೂ ಕಾಯದ ಒಂದು ಎರಡು ನಿಮಿಷ ಸಿಕ್ಕೇ ಸಿಗುತ್ತದೆ. ಮುಂಬೈಯಲ್ಲಿ ಹಿರಿಯರೂ ನೀವೂ ಒಂದೇ ಲೋಕಲ್ಲಿನಲ್ಲಿ ಮನೆಗೆ ಹೋಗುವವರಾದರೆ ಸ್ಟೇಷನ್ನಿಗೆ ನಡೆಯುವಾಗ ಹೇಳಿ. ಡಬ್ಬಿಯೊಳಗೆ ದಿನವೂ ಜೊತೆಗಿರುವ ಗುಂಪಿನ ಎದುರು ಹೇಳಿದರೆ ಅದು ಇನ್ನೊಂದು ಮೀಟಿಂಗೇ.

ನಮ್ಮ ಪ್ರಸಂಗದಲ್ಲಿ ಇಬ್ಬರೂ ಕನ್ನಡಿಗರು. ಸಭೆಯಲ್ಲಿ ಕನ್ನಡದಲ್ಲಿ ಥ್ಯಾಂಕ್ಸ್ ಹೇಳಿದ್ದರೆ, ಉಳಿದವರಿಗೆ ನಮ್ಮೂರಿನವರು ನಮ್ಮೂರಿನವರನ್ನು ಎತ್ತಿಕೊಂಡರು ಎಂದು ಕಾಣುತ್ತಿತ್ತು. ಒಬ್ಬ ಮರಾಠಿ ಸಹೋದ್ಯೋಗಿ ಹಾಗೆ ಅಂದುಕೊಂಡರೆ ಅವರ ತಪ್ಪೇನೂ ಇಲ್ಲ, ಅವರಿಗೆ ಅರ್ಥವಾಗದ ಭಾಷೆಯಲ್ಲಿ ಏನು ನಡೆಯಿತೋ ಗೊತ್ತಿಲ್ಲವಲ್ಲ. ಇಬ್ಬರೇ ಇರುವಾಗ ಮಾತ್ರ ಕನ್ನಡ ಧಾರಾಳವಾಗಿ ಬರಲಿ:

"ಸರ್, ಎರಡ ನಿಮಿಷ ಐತೇನ್ರಿ?"

"ಹಾಂ, ಹೇಳವಾ."

"ಇವತ್ತ ಮೀಟಿಂಗ್‌ನ್ಯಾಗ ಆ ಲೆಕ್ಕ ಯಾರ ತಗದ್ರು, ಹೆಂಗ ತಗದ್ರು ಅಂತ ನೀವು ಬಿಡಿಸಿ ಹೇಳಿದ್ರಿ. ಥ್ಯಾಂಕ್ಸ್ ರೀ. ನೀವು ಗಂಟೆವಾರು ಅಂದದ್ದಕ್ಕ ಮೇಂಟೆನೆನ್ಸ್‌ನವ್ರು ಆಮ್ಯಾಲೆ ನನ್ನ ಹಂತ್ಯಾಕ ಬಂದು ಆ ಶೀಟ್ ಕೇಳಿದ್ರು."

"ಅದರಾಗೇನೈತಿ, ನೀ ಮಾಡಿದ್ದು, ನಾ ಹೇಳಿದೆ ಅಷ್ಟ."

"ಹೌದ್ರಿ. ಹೇಳಿದ್ದು ನನಗ ಖುಷಿ ಆತು. ಮೂರನೇ ಮೆಷಿನ್‌ಗೆ ಶುಕ್ರವಾರ ಹಾಕಬೇಕಂತ ಮಾಡೀನಿ, ನಿಮ್ಮ ಸೂಪರ್‌ವೈಸರ್‌ಗೆ ಹೇಳಿಟ್ಟೀನ್ರಿ."

ಇಲ್ಲಿಗೆ ಮುಗಿಯಿತು. ಇಡೀ ಮಾತು ಒಂದು ನಿಮಿಷ ಮೀರುವುದಿಲ್ಲ.

ಇದರಲ್ಲಿ ಮೂರು ಸಂಗತಿ ಗಮನಿಸಿ. ಅವರು ಏನು ಹೇಳಿದರು ಎಂಬುದನ್ನು ಅವಳು ನಿರ್ದಿಷ್ಟವಾಗಿ ನೆನಪಿಸಿದಳು. ಹೊಗಳಿದ್ದಕ್ಕೆ ಎಂದಲ್ಲ, ಹೇಗೆ ಮಾಡಿದಳು ಎಂದು ಬಿಡಿಸಿ ಹೇಳಿದ್ದಕ್ಕೆ. ಆಮೇಲೆ ಅದರಿಂದ ಕಣ್ಣಿಗೆ ಕಾಣುವ ಏನಾಯಿತು ಎಂದು ಹೇಳಿದಳು: ಮೇಂಟೆನೆನ್ಸ್‌ನವರು ಬಂದು ಶೀಟ್ ಕೇಳಿದರು. "ನನ್ನ ಜೀವನವೇ ಬದಲಾಯಿತು" ಎಂಬ ಮಾತನ್ನು ಯಾರೂ ಪರೀಕ್ಷಿಸಲಾರರು, ಶೀಟ್ ಕೇಳಿದ್ದು ನಿಜವೋ ಸುಳ್ಳೋ ಗೊತ್ತಾಗುತ್ತದೆ. ಪರೀಕ್ಷಿಸಬಹುದಾದ ಮಾತು ಮುಖಸ್ತುತಿ ಎನಿಸುವುದು ಕಷ್ಟ.

ಮೂರನೆಯದು ಅತಿ ಸೂಕ್ಷ್ಮ. "ಅದರಾಗೇನೈತಿ" ಎಂದು ಹಿರಿಯರು ತಳ್ಳಿಹಾಕುತ್ತಾರೆ, ಎಲ್ಲ ಹಿರಿಯರೂ ಹಾಗೆಯೇ ಮಾಡುತ್ತಾರೆ. ಆಗ ಕಿರಿಯರು ತಡವರಿಸುತ್ತಾರೆ. ತಮ್ಮ ಕೃತಜ್ಞತೆ ತಲುಪಲಿಲ್ಲವೇನೋ ಎಂದು ಇನ್ನಷ್ಟು ಸುರಿಯುತ್ತಾರೆ: "ಇಲ್ಲ ಸರ್, ಎಲ್ಲರೂ ಹೀಗೆ ಹೇಳಲ್ಲ ಸರ್, ನಮ್ಮ ಮ್ಯಾನೇಜರ್ ಆಗಿದ್ದರೆ ಹೇಳ್ತಿರಲಿಲ್ಲ ಸರ್." ನೋಡಿ, ಎರಡೇ ಹೆಜ್ಜೆಯಲ್ಲಿ ಥ್ಯಾಂಕ್ಸ್ ಹೋಲಿಕೆಯಾಯಿತು, ಹೋಲಿಕೆ ಚಾಡಿಯಾಯಿತು. ತಳ್ಳಿಹಾಕಿದಾಗ ವಾದಿಸಬೇಡಿ, ಒಪ್ಪಿಯೂ ಬಿಡಬೇಡಿ. "ಹೌದ್ರಿ" ಎಂದು ಅವರ ಮಾತನ್ನು ಗೌರವಿಸಿ, ನಿಮಗೆ ಖುಷಿಯಾಯಿತು ಎಂಬ ಒಂದು ಮಾತು ನಿಲ್ಲಿಸಿ, ಕೆಲಸಕ್ಕೆ ಸಾಗಿ. ತಳ್ಳಿಹಾಕುವುದು ಅವರ ಮರ್ಯಾದೆಯ ರೀತಿ, ಮಾತು ಅವರನ್ನು ಮುಟ್ಟಿರುತ್ತದೆ. 2018ರಲ್ಲಿ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸಿದ್ದವು. ಕೃತಜ್ಞತೆಯ ಪತ್ರ ಬರೆದವರು, ಪಡೆದವರಿಗೆ ಮುಜುಗರವಾದೀತೆಂದು ಇದ್ದದ್ದಕ್ಕಿಂತ ಹೆಚ್ಚು ಅಂದಾಜಿಸಿದ್ದರು, ಅವರಿಗಾಗುವ ಸಂತೋಷವನ್ನು ಕಡಿಮೆ ಅಂದಾಜಿಸಿದ್ದರು. ಹಾಗಾಗಿ ಮೊದಲ ಸಲ ಹೇಳಿದ್ದೇ ಸಾಕು.

ಸಂಬೋಧನೆಯ ವಿಷಯ. ದಿನವೂ ಹೇಗೆ ಕರೆಯುತ್ತೀರೋ ಹಾಗೆಯೇ ಕರೆಯಿರಿ. ದಿನವೂ "ಸರ್" ಎನ್ನುವವಳು ಅಂದು ಮಾತ್ರ "ಅಣ್ಣಾರ" ಎಂದರೆ ಸಂಬಂಧ ಬೆಳೆಸಲು ಬಂದಂತೆ ಆಗುತ್ತದೆ. ಮುಂಬೈಯ ಕೆಲವು ಕಡೆ, ಅದರಲ್ಲೂ ಕರಾವಳಿಯವರು ಸೇರಿ ಕೆಲಸ ಮಾಡುವಲ್ಲಿ, ಹಿರಿಯರನ್ನು ಮೊದಲಿನಿಂದಲೂ "ಅಣ್ಣ" ಎಂದೇ ಕರೆಯುವ ರೂಢಿ ಇರುತ್ತದೆ. ಅಲ್ಲಿ ಅದೇ ಸರಿ, ದಿಢೀರನೆ "ಸರ್" ಎಂದರೇ ವಿಚಿತ್ರ. ಹಿರಿಯರು ಮರಾಠಿಯವರಾದರೆ ನೀವು ಅವರೊಡನೆ ದಿನವೂ ಆಡುವ ಭಾಷೆಯಲ್ಲಿ ಹೇಳಿ. ಅಂದಿಗೆಂದೇ ಯಾರಿಂದಲೋ ಕಲಿತ ಭಾರಿ ಮರಾಠಿ ವಾಕ್ಯ ಬೇಡ.

ಬರೆದು ಕಳಿಸುವುದಾದರೆ

ಅವರು ಬೇರೆ ಊರಿನ ಪ್ಲಾಂಟಿನಲ್ಲಿದ್ದರೆ, ಅಥವಾ ಮೀಟಿಂಗ್ ಮುಗಿದ ಕೂಡಲೇ ಹೊರಟುಹೋದರೆ, ಬರೆಯುವುದೇ ದಾರಿ. ಎದುರು ಹೇಳಿಯಾಗಿದ್ದರೆ ಮತ್ತೆ ಬರೆಯಬೇಕಿಲ್ಲ. ಸಂದೇಶ ಇಷ್ಟಿರಲಿ:

"ಸರ್ ನಮಸ್ಕಾರ. ಇವತ್ತಿನ ರಿವ್ಯೂನಲ್ಲಿ ಶುಕ್ರವಾರದ ರಿಜೆಕ್ಷನ್ ವಿಷಯ ಬಂದಾಗ, ಗಂಟೆವಾರು ಲೆಕ್ಕ ಯಾರು ತೆಗೆದರು ಎಂದು ನೀವು ವಿವರವಾಗಿ ಹೇಳಿದಿರಿ. ಅದಕ್ಕೆ ಥ್ಯಾಂಕ್ಸ್. ಮೀಟಿಂಗ್ ಆದ ಮೇಲೆ ಮೇಂಟೆನೆನ್ಸ್‌ನವರು ಶೀಟ್ ತೆಗೆದುಕೊಂಡರು. ಮೂರನೇ ಮೆಷಿನ್‌ಗೆ ಈ ಶುಕ್ರವಾರ ವಾರ್ಮ್-ಅಪ್ ಹಾಕುತ್ತಿದ್ದೇವೆ."

ಇದನ್ನು ಅವರೊಬ್ಬರಿಗೇ ಕಳಿಸಿ. ಪ್ಲಾಂಟ್ ಹೆಡ್‌ಗೆ ಸಿಸಿ ಹಾಕಿದರೆ ಪತ್ರ ಅವರಿಗಲ್ಲ, ಪ್ಲಾಂಟ್ ಹೆಡ್‌ಗೆ ಎಂದು ಮೊದಲು ತಿಳಿಯುವವರೇ ಆ ಹಿರಿಯರು. ಡಿಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪೂ ಬೇಡ. ಅಲ್ಲಿ ನಿಮ್ಮ ಥ್ಯಾಂಕ್ಸ್ ಕೆಳಗೆ ಹದಿನೈದು ಜನ ಹೆಬ್ಬೆರಳು ಒತ್ತಬೇಕಾದ ಸ್ಥಿತಿ ಬರುತ್ತದೆ, ಅವರಲ್ಲಿ ನಾಲ್ಕು ಜನ ಬೇಸರದಿಂದ ಒತ್ತಿರುತ್ತಾರೆ.

ಕೆಳಗಿನ ಮಾತುಗಳು ಬೆರಳಿನ ತುದಿಗೆ ಬಂದರೆ ಅಳಿಸಿ. "ನಿಮ್ಮ ಋಣ ತೀರಿಸಲಾರೆ." "ಎಲ್ಲ ನಿಮ್ಮ ಆಶೀರ್ವಾದ." "ಯಾವಾಗ ಏನು ಕೆಲಸ ಇದ್ದರೂ ಹೇಳಿ, ನಾನಿದ್ದೇನೆ." ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಒಳ್ಳೆಯ ಹುಡುಗರು ಹೆಚ್ಚಾಗಿ ಬರೆಯುವುದು ಅದನ್ನೇ. ಅದು ಒಂದು ಖಾಲಿ ಚೆಕ್ಕು. ಮೊತ್ತ ಬರೆಯದೆ ಸಹಿ ಹಾಕಿ ಕೊಟ್ಟಿರುತ್ತೀರಿ. ಎರಡು ತಿಂಗಳ ಮೇಲೆ ಅವರದೇ ಲೈನಿನ ಒಂದು ಲಾಟ್ ಅಳತೆಗೆ ಸ್ವಲ್ಪ ಹೊರಗಿದ್ದು, "ಇದೊಂದು ಬಿಟ್ಟುಬಿಡವಾ" ಎಂದು ಅವರು ಕೇಳಿದರೆ? ಕ್ವಾಲಿಟಿಯವರು ಪ್ರೊಡಕ್ಷನ್ನಿನವರಿಗೆ ಋಣಿಯಾಗಿ ಕೂರುವಂತಿಲ್ಲ, ಆ ಎರಡು ವಿಭಾಗಗಳನ್ನು ಬೇರೆ ಇಟ್ಟಿರುವುದೇ ಅದಕ್ಕಾಗಿ. ಹಾಗೆ ಕೇಳಿದ ದಿನ ಆ ಲಾಟನ್ನು ಆ ಲಾಟಿನ ಅಳತೆಯ ಮೇಲೆಯೇ ನೋಡಬೇಕು: "ಸರ್, ಇದು ಡ್ರಾಯಿಂಗ್‌ನ ಹೊರಗೈತ್ರಿ. ಹೊರಗಿದ್ರೂ ಒಪ್ಪಿಕೊಳ್ರಿ ಅಂತ ಡೀವಿಯೇಷನ್ ಅರ್ಜಿ ಹಾಕ್ರಿ, ಕಸ್ಟಮರ್ ಒಪ್ಪಿದ್ರ ಬಿಡ್ತೀನಿ." ಥ್ಯಾಂಕ್ಸಿನಲ್ಲಿ ಅಳತೆ ಮೀರಿ ಮಾತು ಕೊಡದವಳಿಗೆ ಈ ಮಾತು ಹೇಳುವುದು ಸುಲಭ.

ನಿಮ್ಮ ಮ್ಯಾನೇಜರ್

ಹಿರಿಯರು ಬೇರೆ ವಿಭಾಗದವರು, ನಿಮ್ಮ ನೇರ ಮ್ಯಾನೇಜರ್ ಅದೇ ಮೀಟಿಂಗಿನಲ್ಲಿ ಸುಮ್ಮನೆ ಕೂತಿದ್ದರು. ಅಥವಾ ಮೀಟಿಂಗಿಗೆ ಬಂದೇ ಇರಲಿಲ್ಲ. ಎರಡನೆಯದಾದರೆ, ಬೇರೆಯವರ ಬಾಯಿಂದ ಕೇಳುವ ಮೊದಲು ನೀವೇ ಹೇಳಿ, ಹಿರಿಯರ ಬಳಿ ಹೋಗುವುದಕ್ಕೂ ಮುಂಚೆ: "ಸರ್, ಇವತ್ತು ರಿವ್ಯೂನಲ್ಲಿ ಶುಕ್ರವಾರದ ವಿಷಯ ಬಂತು. ಪ್ರೊಡಕ್ಷನ್‌ನವರು ನನ್ನ ಹೆಸರು ಹೇಳಿದರು. ಉಳಿದ ಮೂರು ಮೆಷಿನ್‌ಗೆ ಈ ತಿಂಗಳು ಎಂದು ಹೇಳಿದ್ದೇನೆ." ಇಲ್ಲಿ ಮುಖ್ಯವಾದದ್ದು ಕೊನೆಯ ವಾಕ್ಯ. ಹೊಗಳಿಕೆ ಬಂತು ಎಂಬುದಕ್ಕಿಂತ, ತಮ್ಮ ವಿಭಾಗದ ಪರವಾಗಿ ಒಂದು ಗಡುವು ಒಪ್ಪಿ ಬಂದಿದ್ದಾಳೆ ಎಂಬುದು ಮ್ಯಾನೇಜರಿಗೆ ಗೊತ್ತಿರಬೇಕು. ಲೆಕ್ಕ ತೆಗೆಯಲು ಸಮಯ ಕೊಟ್ಟದ್ದು ಅವರೇ ಆಗಿದ್ದರೆ ಅದನ್ನೂ ಹೇಳಿ, ಆಗಿರದಿದ್ದರೆ ಹೇಳಬೇಡಿ.

ಕೈಗೆ ಕೊಡುವುದು, ಕಾಲಿಗೆ ಬೀಳುವುದು

ಧಾರವಾಡದವರಿಗೆ ಪೇಡೆ ತಂದುಕೊಡುವ ಆಸೆ ಯಾರಿಗೆ ಬರುವುದಿಲ್ಲ! ಊರಿಗೆ ಹೋಗಿಬಂದಾಗ ಇಡೀ ಡಿಪಾರ್ಟ್‌ಮೆಂಟಿಗೆ ಡಬ್ಬಿ ತೆರೆದಿಟ್ಟರೆ ಅದು ಊರಿನ ಸಿಹಿ. ಮೀಟಿಂಗ್ ಆದ ವಾರದಲ್ಲೇ ಅವರ ಟೇಬಲ್ಲಿಗೆ ಮಾತ್ರ ಒಂದು ಡಬ್ಬಿ ಹೋದರೆ ಅದು ಬೆಲೆಯಾಗುತ್ತದೆ, ಅವರ ಮಾತಿಗೆ ನೀವು ಕಟ್ಟಿದ ಬೆಲೆ. ಕಾಲಿಗೆ ನಮಸ್ಕರಿಸುವುದು ನಮ್ಮಲ್ಲೂ ಇದೆ, ಮರಾಠಿಯವರಲ್ಲೂ ಇದೆ, ಅದನ್ನು ನಾನು ಗೌರವಿಸುತ್ತೇನೆ. ಅವರು ನಿವೃತ್ತರಾಗುವ ದಿನ ಮಾಡಿ. ಒಂದು ನಿಜ ಹೇಳಿದ್ದಕ್ಕಾಗಿ ಮಾಡಿದರೆ, ನಿಜ ಹೇಳುವುದೇ ದೊಡ್ಡ ಉಪಕಾರ ಎಂದು ಇಬ್ಬರೂ ಒಪ್ಪಿಕೊಂಡಂತೆ.

ಹದ ತಪ್ಪಿದ್ದು ಹೇಗೆ ಗೊತ್ತಾಗುತ್ತದೆ

ನೀವು ಹೇಳುತ್ತಿರುವಾಗಲೇ ಅವರು "ಸಾಕು ಸಾಕು" ಎಂದು ನಕ್ಕು ಗಡಿಯಾರ ನೋಡಿದರೆ ಒಂದು ವಾಕ್ಯ ಹೆಚ್ಚಾಯಿತು ಎಂದು ತಿಳಿಯಿರಿ. ಅಲ್ಲೇ ನಿಲ್ಲಿಸಿದರೆ ಏನೂ ಕೆಟ್ಟಿಲ್ಲ. ಮುಂದಿನ ವಾರ ನೀವು ಎದುರಾದಾಗ ಅವರು ಬೇರೆ ದಾರಿ ಹಿಡಿದರೆ, ಇಲ್ಲವೆ ಸಹೋದ್ಯೋಗಿಗಳು ಅವರ ಹೆಸರನ್ನು ನಿಮ್ಮ ಹೆಸರಿನ ಜೊತೆ ಜೋಡಿಸಿ ಆಡಿಕೊಳ್ಳತೊಡಗಿದರೆ, ಮಾತು ಹದ ಮೀರಿದೆ. ಆಗ ವಿವರಣೆ ಕೊಡಹೋಗಬೇಡಿ, ಕ್ಷಮೆಯನ್ನಂತೂ ಕೇಳಬೇಡಿ. ಸ್ವಲ್ಪ ದಿನ ಕೆಲಸದ ಮಾತು ಮಾತ್ರ ಆಡಿ, ಅವರು ಹೇಳಿದ್ದರಲ್ಲಿ ಒಪ್ಪಿಗೆಯಾಗದ್ದು ಬಂದರೆ ಎಂದಿನಂತೆ ಮೀಟಿಂಗಿನಲ್ಲಿ ಮರ್ಯಾದೆಯಿಂದ ಹೇಳಿ. ಎದುರು ಮಾತಾಡಬಲ್ಲವಳ ಥ್ಯಾಂಕ್ಸ್ ಮಸ್ಕಾ ಅಲ್ಲ ಎಂದು ಎಲ್ಲರಿಗೂ ತಾನಾಗಿ ತಿಳಿಯುತ್ತದೆ.

ಇನ್ನೊಂದು ಬಗೆಯ ತಪ್ಪು, ಏನೂ ಹೇಳದೆ ಇರುವುದು. ಮಾಡಿದ್ದು ನಾನೇ ತಾನೆ, ಯಾಕೆ ಹೇಳಬೇಕು ಎಂಬ ಯೋಚನೆಗಿಂತ, ಹೇಗೆ ಹೇಳಲಿ ಎಂಬ ಸಂಕೋಚವೇ ಇದಕ್ಕೆ ಹೆಚ್ಚಾಗಿ ಕಾರಣ. ವಾರ ಕಳೆದರೆ ಸಂಕೋಚ ಇಮ್ಮಡಿಯಾಗುತ್ತದೆ. ತಡವಾದರೂ ಹೇಳಬಹುದು, ತಡವಾದದ್ದರ ಕಥೆ ಬೇಡ. ಮೂರನೇ ಮೆಷಿನ್ನಿನ ಫಲಿತಾಂಶ ಬಂದ ದಿನವೇ ಅದಕ್ಕೆ ಒಳ್ಳೆಯ ದಿನ: "ಸರ್, ಮೂರನೇ ಮೆಷಿನ್ ಈ ಶುಕ್ರವಾರ ಸರಿ ಹೋತು. ಅವತ್ತ ನೀವು ಮೀಟಿಂಗ್‌ನ್ಯಾಗ ಹೇಳಿದ್ದಕ್ಕ ಥ್ಯಾಂಕ್ಸ್ ಹೇಳೂದು ಉಳದಿತ್ತು."

ಅಪ್ರೇಸಲ್‌ಗೆ ಬೇಕಾದರೆ

ಹೊಗಳಿಕೆ ಬಂದ ಕೂಡಲೇ ಗೆಳೆಯರು ಹೇಳುತ್ತಾರೆ, ಅದನ್ನು ಅವರಿಂದ ಮೇಲ್‌ನಲ್ಲಿ ಬರೆಸಿಕೋ, ಮಾರ್ಚಿಗೆ ಉಪಯೋಗಕ್ಕೆ ಬರುತ್ತದೆ ಎಂದು. ಸಲಹೆ ತಪ್ಪಲ್ಲ. ಆದರೆ ಥ್ಯಾಂಕ್ಸ್ ಹೇಳುವ ಉಸಿರಿನಲ್ಲೇ ಕೇಳಿದರೆ ಥ್ಯಾಂಕ್ಸು ಮುಂಗಡ ಹಣವಾಗುತ್ತದೆ. ಮೊದಲು ಮಿನಿಟ್ಸ್ ನೋಡಿ. ಅದರಲ್ಲಿ ನಿಮ್ಮ ಕೆಲಸ ಸರಿಯಾಗಿ ದಾಖಲಾಗಿದ್ದರೆ ಯಾರನ್ನೂ ಏನೂ ಕೇಳಬೇಕಿಲ್ಲ, ಅದರ ಪ್ರತಿ ಇಟ್ಟುಕೊಂಡರಾಯಿತು. ದಾಖಲಾಗಿಲ್ಲವೆಂದರೆ ಐದೂ ಮೆಷಿನ್ ಮುಗಿಯುವವರೆಗೆ ಕಾಯಿರಿ. ಆಮೇಲೆ ಲೆಕ್ಕದ ಶೀಟ್, ಮೊದಲು ಮತ್ತು ಈಗಿನ ರಿಜೆಕ್ಷನ್, ಆಪರೇಟರ್ ದಾದಾರ ಹೆಸರು, ಎಲ್ಲ ಒಂದು ಪುಟಕ್ಕೆ ಇಳಿಸಿ, ನಿಮ್ಮ ಮ್ಯಾನೇಜರಿಗೆ ತೋರಿಸಿ, ಅವರ ಮೂಲಕವೇ ಪ್ರೊಡಕ್ಷನ್‌ನ ಆ ಹಿರಿಯರಿಗೆ ಕಳಿಸಿ ಕೇಳಿ: "ಇದರಲ್ಲಿ ನಿಮ್ಮ ಕಡೆಯ ಅಂಕಿ ಸರಿ ಇದೆಯೇ, ನೋಡಿ ಒಂದು ಸಾಲು ಬರೆಯಿರಿ." ಅವರು ಬರೆಯುವ ಆ ಒಂದು ಸಾಲು ಅಂಕಿಯ ಮೇಲೆ ನಿಂತಿರುತ್ತದೆ, ಅದನ್ನು ಅಪ್ರೇಸಲ್ ಫಾರ್ಮಿಗೆ ಲಗತ್ತಿಸಬಹುದು. ಆಪರೇಟರಿಗೂ ಅದರ ಒಂದು ಪ್ರತಿ ಕೊಡಿ.